ಶಿಕ್ಷಕ ವೃತ್ತಿಯಿಂದ ಕಾರ್ಪೊರೇಟ್ ತರಬೇತಿಗೆ: ಸಂದರ್ಶನದಲ್ಲಿ ಹೇಳಬೇಕಾದದ್ದು

ಪ್ರಶ್ನೆ: ಎಂಟು ವರ್ಷಗಳಿಂದ ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಕಂಪನಿಗಳ ತರಬೇತಿ ವಿಭಾಗಕ್ಕೆ ಹೋಗಬೇಕೆಂದಿದ್ದೇನೆ. ಎರಡು ಸಂದರ್ಶನಗಳಲ್ಲೂ "ನಿಮಗೆ ಕಂಪನಿಯ ಅನುಭವವಿಲ್ಲವಲ್ಲ" ಎಂದರು. ನನ್ನ ಕೌಶಲಗಳು ಅಲ್ಲಿಗೂ ಒದಗುತ್ತವೆ ಎಂದು ಹೇಗೆ ವಿವರಿಸಲಿ?

ನಾನು ಒಂಬತ್ತು ವರ್ಷ ಗಣಿತ ಪಾಠ ಮಾಡಿ, ಈಗ ಬೆಂಗಳೂರಿನ ಗ್ರಾಹಕ ಸೇವಾ ಕೇಂದ್ರವೊಂದರಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುತ್ತಿದ್ದೇನೆ. ಮೊದಲ ಸಂದರ್ಶನದಲ್ಲಿ ನಾನೂ ತಾಳ್ಮೆ, ಸಂವಹನ, ತರಗತಿ ನಿರ್ವಹಣೆ ಎಂದು ಗುಣಗಳ ಪಟ್ಟಿಯನ್ನೇ ಒಪ್ಪಿಸಿದ್ದೆ. ಎದುರಿಗಿದ್ದವರು, "ನೀವು ಕಲಿಸಿದ್ದರಿಂದಲೇ ಬದಲಾವಣೆಯಾಯಿತೆಂದು ನಿಮಗೆ ಹೇಗೆ ತಿಳಿಯುತ್ತಿತ್ತು?" ಎಂದು ಕೇಳಿದರು. ನಾನು ಎಸ್ಸೆಸ್ಸೆಲ್ಸಿ ಫಲಿತಾಂಶ ಹೇಳಿದೆ. "ಅದು ಟ್ಯೂಷನ್‌ನಿಂದಲೂ ಬಂದಿರಬಹುದಲ್ಲವೇ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ನಾನು ಗುಣಗಳನ್ನು ಬಿಟ್ಟು ಒಂದೇ ಒಂದು ಘಟನೆಯನ್ನು ಸಿದ್ಧಪಡಿಸಿಕೊಂಡೆ. ಎಂಟನೆಯ ತರಗತಿಯ 42 ಮಕ್ಕಳಲ್ಲಿ 19 ಮಂದಿ ಸರಳ ಸಮೀಕರಣಗಳನ್ನು ತಪ್ಪು ಬಿಡಿಸುತ್ತಿದ್ದರು. ಪಕ್ಷಾಂತರ ಮಾಡುವಾಗ ಚಿಹ್ನೆ ಬದಲಿಸಲು ಮರೆಯುತ್ತಾರೆ ಎಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು. ಅದನ್ನೇ ಎರಡು ಬಾರಿ ಹೇಳಿಕೊಟ್ಟರೂ ಪ್ರಯೋಜನವಾಗಲಿಲ್ಲ. ಕೊನೆಗೆ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಒಂದೊಂದೇ ಸಾಲು ನೋಡಿದಾಗ, 2x + 9 = 4 ಎಂಬಲ್ಲಿ ಅವರು 2x = 4 − 9 ಎಂದು ಸರಿಯಾಗಿಯೇ ಬರೆದು, ಮುಂದಿನ ಸಾಲಿನಲ್ಲಿ 2x = 5 ಎಂದಿದ್ದರು. ಅಂದರೆ ಪಕ್ಷಾಂತರ ಬರುತ್ತಿತ್ತು, ಹಿಂದಿನ ತರಗತಿಯ ಪೂರ್ಣಾಂಕಗಳ ವ್ಯವಕಲನ ಬರುತ್ತಿರಲಿಲ್ಲ. ಎಂಟು ಪ್ರಶ್ನೆಗಳ ನೈದಾನಿಕ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಂಡು, ಆ 19 ಮಂದಿಗೆ ಮಾತ್ರ ನಾಲ್ಕು ಅವಧಿ ಸಂಖ್ಯಾರೇಖೆಯ ಮೇಲೆ ಪರಿಹಾರ ಬೋಧನೆ ಮಾಡಿದೆ. ಮೂರು ವಾರಗಳ ನಂತರ, ಮುನ್ಸೂಚನೆ ಕೊಡದೆ, ಬೇರೆ ಪಾಠದ ನಡುವೆ ಅದೇ ಬಗೆಯ ಲೆಕ್ಕ ಕೊಟ್ಟಾಗ ತಪ್ಪು ಮಾಡಿದವರು ಆರು ಮಂದಿ.

ಬಿ.ಎಡ್. ಮಾಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಕಂಪನಿಯಲ್ಲಿ ಇದರ ಮೊದಲ ಭಾಗಕ್ಕೆ ತರಬೇತಿ ಅಗತ್ಯದ ವಿಶ್ಲೇಷಣೆ ಎನ್ನುತ್ತಾರೆ, ಕೊನೆಯ ಭಾಗಕ್ಕೆ ಮೌಲ್ಯಮಾಪನ ಎನ್ನುತ್ತಾರೆ. ಮೌಲ್ಯಮಾಪನದ ಮಾತು ಬಂದಾಗ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಹಂತಗಳು ಪ್ರಸ್ತಾಪವಾಗುವುದು ಸಾಮಾನ್ಯ: ತರಬೇತಿ ಪಡೆದವರಿಗೆ ಅದು ಹಿಡಿಸಿತೇ, ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ. ಮೊದಲ ಸಂದರ್ಶನದಲ್ಲಿ ನಾನು ಹೇಳಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ ಎರಡನೆಯ ಹಂತಕ್ಕೇ ನಿಲ್ಲುತ್ತದೆ. ಮುನ್ಸೂಚನೆಯಿಲ್ಲದೆ ಬೇರೆ ಪಾಠದ ನಡುವೆ ಕೊಟ್ಟ ಲೆಕ್ಕ ಮೂರನೆಯದರ ಹತ್ತಿರ ಬರುತ್ತದೆ, ಸಂದರ್ಶಕರು ಕಿವಿಗೊಡುವುದೂ ಅಲ್ಲಿಂದಲೇ. "ಉಳಿದ ಆರು ಮಂದಿಯ ಕಥೆ ಏನು?" ಎಂದು ನನ್ನನ್ನು ಕೇಳಿದರು. ಅವರಲ್ಲಿ ನಾಲ್ವರು ಆ ಅವಧಿಗಳಿಗೆ ಸರಿಯಾಗಿ ಬಂದಿರಲಿಲ್ಲ, ಇಬ್ಬರಿಗೆ ನನ್ನ ವಿಧಾನ ಒಗ್ಗಲಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. 19 ಮಂದಿಯೂ ಸುಧಾರಿಸಿದರು ಎಂದಿದ್ದರೆ ಅವರು ನಂಬುತ್ತಿರಲಿಲ್ಲ.

ಘಟನೆ ಹೇಳಿ ಅಲ್ಲಿಗೇ ನಿಲ್ಲಿಸಬೇಡಿ. ಅದನ್ನು ಅವರ ಕೆಲಸಕ್ಕೆ ನೀವೇ ಜೋಡಿಸಿ ತೋರಿಸಬೇಕು. ನಾನು ಹೇಳಿದ್ದು ಹೀಗೆ: "ಕರೆಗಳು ಬಹಳ ಹೊತ್ತು ಹಿಡಿಯುತ್ತಿವೆ, ಹುಡುಗರಿಗೆ ಉತ್ಪನ್ನದ ತರಬೇತಿ ಕೊಡಿ ಎಂದು ನಿಮ್ಮ ಮ್ಯಾನೇಜರ್ ಕೇಳಿದರೆ, ನಾನು ಮೊದಲು ಹತ್ತಿಪ್ಪತ್ತು ಕರೆಗಳನ್ನು ಕೇಳಿ, ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡುತ್ತೇನೆ. ಉತ್ಪನ್ನ ಗೊತ್ತಿದ್ದೂ ಪರದೆಯಲ್ಲಿ ಮಾಹಿತಿ ಹುಡುಕಲು ತಡವಾಗುತ್ತಿದ್ದರೆ, ಉತ್ಪನ್ನದ ತರಬೇತಿಯಿಂದ ಏನೂ ಆಗದು."

ಒದಗದೇ ಇರುವುದನ್ನೂ ಒಪ್ಪಿಕೊಳ್ಳಿ. ಶಾಲೆಯಲ್ಲಿ ಪಠ್ಯವನ್ನು ಬೇರೆಯವರು ನಿಗದಿಪಡಿಸಿರುತ್ತಾರೆ, ಮಕ್ಕಳು ಹೇಗಿದ್ದರೂ ತರಗತಿಯಲ್ಲಿರುತ್ತಾರೆ. ಕಂಪನಿಯಲ್ಲಿ ಇಪ್ಪತ್ತು ಮಂದಿಯನ್ನು ಒಂದು ದಿನ ಕೂರಿಸಿದರೆ ಆ ದಿನದ ಅವರ ಕೆಲಸ ನಿಂತಂತೆ. ಅದಕ್ಕೆ ತಕ್ಕ ಕಾರಣವನ್ನು ನೀವೇ ಒದಗಿಸಬೇಕು.

ಕೊನೆಯದಾಗಿ, ಹೆಚ್ಚಿನ ಕಡೆ ಹತ್ತು ಹದಿನೈದು ನಿಮಿಷದ ಡೆಮೊ ಕೇಳುತ್ತಾರೆ. ನನ್ನ ಮೊದಲ ಡೆಮೊದಲ್ಲಿ ಐದಾರು ಬಾರಿ "ಅರ್ಥವಾಯಿತೇ?" ಎಂದು ಕೇಳಿದ್ದೆ, ಎಲ್ಲರೂ ತಲೆಯಾಡಿಸಿದ್ದರು. ಮಕ್ಕಳಾದರೆ ಮುಖ ನೋಡಿದರೇ ತಿಳಿಯುತ್ತದೆ, ದೊಡ್ಡವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಎರಡನೆಯ ಸಲ ದೂರು ಸ್ವೀಕರಿಸುವ ವಿಷಯ ಆರಿಸಿಕೊಂಡು, ನಾಲ್ಕು ನಿಮಿಷ ವಿವರಿಸಿ, ಸಂದರ್ಶಕರಲ್ಲೊಬ್ಬರನ್ನು ಕೋಪಗೊಂಡ ಗ್ರಾಹಕನಾಗಲು, ಇನ್ನೊಬ್ಬರನ್ನು ಉತ್ತರಿಸಲು ಕೇಳಿಕೊಂಡೆ. ಉತ್ತರಿಸಿದವರು ನಾನು ಹೇಳಿದ ಎರಡನೆಯ ಹೆಜ್ಜೆಯನ್ನೇ ಬಿಟ್ಟರು. ಉಳಿದ ಸಮಯವೆಲ್ಲ ಆ ಹೆಜ್ಜೆ ಏಕೆ ತಪ್ಪಿತು ಎಂಬ ಚರ್ಚೆಗೇ ಹೋಯಿತು, ನನ್ನ ಕಂಪನಿಯ ಅನುಭವದ ಬಗ್ಗೆ ಆ ದಿನ ಯಾರೂ ಕೇಳಲಿಲ್ಲ.