ವಾಚಿನ ಜ್ಯುವೆಲ್, ಬೀಟ್, ಪವರ್ ರಿಸರ್ವ್: ಯಾವ ಸಂಖ್ಯೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ಒಂದು ಆಟೊಮ್ಯಾಟಿಕ್ ವಾಚಿನಲ್ಲಿ 25 ಜ್ಯುವೆಲ್, 28,800 ಬೀಟ್, 38 ಗಂಟೆ ಪವರ್ ರಿಸರ್ವ್ ಎಂದಿದೆ. ಇನ್ನೊಂದರಲ್ಲಿ 21,600 ಬೀಟ್, 80 ಗಂಟೆ. ಸಂಖ್ಯೆ ದೊಡ್ಡದಿದ್ದರೆ ಗುಣಮಟ್ಟವೂ ಹೆಚ್ಚೇ?

ಉತ್ತರ: ಅಲ್ಲ. ಇವು ಯಂತ್ರವನ್ನು ಯಾವ ಉದ್ದೇಶಕ್ಕೆ ರೂಪಿಸಿದ್ದಾರೆ ಎಂದು ಹೇಳುತ್ತವೆಯೇ ಹೊರತು, ಎಷ್ಟು ಚೆನ್ನಾಗಿ ಮಾಡಿದ್ದಾರೆ ಎಂದಲ್ಲ. ನೀವು ಹೇಳಿದ ಮೊದಲ ವಾಚಿನ ಅಂಕಿಗಳು ಸ್ವಿಟ್ಜರ್ಲೆಂಡಿನ ಇಟಿಎ 2824-2 ಯಂತ್ರದ್ದಾಗಿದ್ದು, ಎರಡನೆಯವು ಅದನ್ನೇ ಮಾರ್ಪಡಿಸಿ ಮಾಡಿದ ಪವರ್‌ಮ್ಯಾಟಿಕ್ 80ಕ್ಕೆ ಹೊಂದುತ್ತವೆ. ಒಂದೇ ಮನೆಯ ಅಣ್ಣತಮ್ಮಂದಿರನ್ನು ನೀವು ಹೋಲಿಸುತ್ತಿದ್ದೀರಿ.

ಬೀಟ್ ಎಂದರೆ ಬ್ಯಾಲೆನ್ಸ್ ವೀಲ್ ಗಂಟೆಗೆ ಎಷ್ಟು ಸಲ ತೂಗುತ್ತದೆ ಎಂಬುದು. 28,800 ಎಂದರೆ ಸೆಕೆಂಡಿಗೆ 8 ಹೊಡೆತ, 21,600 ಎಂದರೆ 6. ವೇಗವಾಗಿ ತೂಗುವ ಚಕ್ರವನ್ನು ಕೈಯ ಅಲುಗಾಟ ಅಷ್ಟು ಸುಲಭವಾಗಿ ಕೆಡಿಸಲಾರದು, ಸೆಕೆಂಡಿನ ಮುಳ್ಳೂ ನಯವಾಗಿ ಸರಿಯುತ್ತದೆ. ಅದಕ್ಕೆ ತಕ್ಕ ಬೆಲೆಯೂ ಇದೆ: ಚಕ್ರವನ್ನು ಅಷ್ಟು ವೇಗವಾಗಿ ತೂಗಿಸಲು ಮೇನ್ ಸ್ಪ್ರಿಂಗ್ ಬಲವಾಗಿ ತಳ್ಳಬೇಕು, ಹಾಗಾಗಿ ಅದು ದಪ್ಪವಿರಬೇಕು.

ಇಲ್ಲಿ ಹಲವರು ಎಡವುತ್ತಾರೆ. ಬೀಟ್ ಕಡಿಮೆಯಾದರೆ ಸ್ಪ್ರಿಂಗ್ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ವಾಚು ಹೆಚ್ಚು ಹೊತ್ತು ಓಡುತ್ತದೆ ಎಂದು ಅವರು ಭಾವಿಸುತ್ತಾರೆ. ಆದರೆ ಸ್ಪ್ರಿಂಗ್ ಇರುವ ಬ್ಯಾರೆಲ್‌ನಿಂದ ನಿಮಿಷದ ಮುಳ್ಳಿನವರೆಗಿನ ಹಲ್ಲುಚಕ್ರಗಳ ಲೆಕ್ಕ ಬದಲಾಗದಿದ್ದರೆ, ಬೀಟ್ ಎಷ್ಟೇ ಇರಲಿ, ಬ್ಯಾರೆಲ್ ಒಂದು ಸುತ್ತಿಗೆ ತೆಗೆದುಕೊಳ್ಳುವ ಗಂಟೆಗಳು ಅಷ್ಟೇ ಇರುತ್ತವೆ. ನಿಜವಾದ ಲಾಭ ಬೇರೆ: ಕಡಿಮೆ ಬೀಟಿಗೆ ಕಡಿಮೆ ಬಲ ಸಾಕಾದ್ದರಿಂದ ತೆಳುವಾದ, ಉದ್ದನೆಯ ಸ್ಪ್ರಿಂಗ್ ಹಾಕಬಹುದು, ಅದು ಹೆಚ್ಚು ಸುತ್ತು ಕೊಡುತ್ತದೆ. ಪವರ್‌ಮ್ಯಾಟಿಕ್‌ನಲ್ಲಿ ಬ್ಯಾರೆಲ್ಲಿನ ನಡುವಿನ ದಿಂಡನ್ನೂ ಸಣ್ಣದಾಗಿಸಿ ಸ್ಪ್ರಿಂಗ್‌ಗೆ ಜಾಗ ಮಾಡಿದ್ದಾರೆ. ಶುಕ್ರವಾರ ಸಂಜೆ 6ಕ್ಕೆ ಬಿಚ್ಚಿಟ್ಟ ವಾಚು ಸೋಮವಾರ ಬೆಳಿಗ್ಗೆ 8ಕ್ಕೂ ನಡೆಯುತ್ತಿರಬೇಕೆಂದರೆ 62 ಗಂಟೆ ಪವರ್ ರಿಸರ್ವ್ ಬೇಕು. 38 ಗಂಟೆಯದು ಭಾನುವಾರ ಬೆಳಿಗ್ಗೆಯೇ ನಿಂತಿರುತ್ತದೆ. ನೀವು ದಿನವೂ ಒಂದೇ ವಾಚು ಕಟ್ಟುವವರಾದರೆ ಈ ವ್ಯತ್ಯಾಸದಿಂದ ನಿಮಗೆ ಏನೂ ಆಗಬೇಕಾಗಿಲ್ಲ.

ಜ್ಯುವೆಲ್‌ಗಳ ವಿಷಯ ಇನ್ನೂ ಸರಳ. ಅವು ಅಗ್ಗದ ಕೃತಕ ಮಾಣಿಕ್ಯದ ಕಲ್ಲುಗಳು, ಸವೆತ ಮತ್ತು ಘರ್ಷಣೆ ತಡೆಯಲು ಇರುವಂಥವು. ಕೈಯಿಂದ ಕೀ ಕೊಡುವ ಸಾದಾ ವಾಚಿಗೆ 17 ಸಾಕು: ಬ್ಯಾಲೆನ್ಸ್‌ಗೆ 4, ಅದರ ತಟ್ಟುಕಲ್ಲು 1, ಪ್ಯಾಲೆಟ್ ಫೋರ್ಕಿನ ತುದಿಗಳಿಗೆ 2, ಆ ಫೋರ್ಕಿನ ಅಚ್ಚಿಗೆ 2, ಉಳಿದ ನಾಲ್ಕು ಚಕ್ರಗಳಿಗೆ ಎರಡೆರಡು. ಆಟೊಮ್ಯಾಟಿಕ್‌ನಲ್ಲಿ ತಾನೇ ಕೀ ಕೊಟ್ಟುಕೊಳ್ಳುವ ಭಾಗಕ್ಕೆ ಇನ್ನಷ್ಟು ಸೇರಿ 21ರಿಂದ 25 ಆಗುವುದು ಸಹಜ. 1960ರ ದಶಕದಲ್ಲಿ ಕೆಲವು ತಯಾರಕರು ಕೆಲಸಕ್ಕೆ ಬಾರದ ಕಲ್ಲುಗಳನ್ನು ಕೂರಿಸಿ 100 ಜ್ಯುವೆಲ್ ಎಂದೂ ಮಾರಿದ್ದರು.

ನಮ್ಮ ತಂದೆಯವರ ಎಚ್‌ಎಂಟಿ ಜನತಾ ನನ್ನ ಬಳಿ ಇದೆ. 17 ಜ್ಯುವೆಲ್, 18,000 ಬೀಟ್. ನಿಮ್ಮ ಅಳತೆಗೋಲಿನಲ್ಲಿ ಈ ಎರಡೂ ಕಡೆ ಸೋಲುವ ವಾಚು. ಸರ್ವಿಸ್ ಆದ ಮೇಲೆ ಅದನ್ನು, ಟಿಕ್ ಸದ್ದು ಕೇಳಿ ವಾಚಿನ ಓಟ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟೆ. ಪೂರ್ತಿ ಕೀ ಕೊಟ್ಟಾಗ ಡಯಲ್ ಮೇಲ್ಮುಖವಾಗಿ ದಿನಕ್ಕೆ 7 ಸೆಕೆಂಡ್ ಮುಂದೆ, ಕೀ ಗುಬುಟು ಕೆಳಗಾಗಿ ನಿಲ್ಲಿಸಿದಾಗ 3 ಸೆಕೆಂಡ್ ಹಿಂದೆ ತೋರಿಸಿತು. ಬ್ಯಾಲೆನ್ಸ್ ಎಷ್ಟು ಡಿಗ್ರಿ ತಿರುಗುತ್ತದೆ ಎಂಬ ಆಂಪ್ಲಿಟ್ಯೂಡ್ 275 ಇತ್ತು, 24 ಗಂಟೆಯ ನಂತರ 235. ಅದೇ ದಿನ, ಎಣ್ಣೆ ಒಣಗಿದ್ದ ನನ್ನ 24 ಜ್ಯುವೆಲ್ಲಿನ ಆಟೊಮ್ಯಾಟಿಕ್ ಪೂರ್ತಿ ಕೀ ಇದ್ದಾಗಲೇ 195 ತೋರಿಸಿತು, ಭಂಗಿ ಬದಲಿಸಿದರೆ 30 ಸೆಕೆಂಡ್ ಅಂತರ ಬರುತ್ತಿತ್ತು. ಅದರ ಪವರ್ ರಿಸರ್ವ್ ಮಾತ್ರ ಹೆಚ್ಚುಕಡಿಮೆ ಕಂಪನಿ ಹೇಳಿದಷ್ಟೇ ಇತ್ತು! ವಾಚು ಎಷ್ಟು ಹೊತ್ತು ಓಡುತ್ತದೆ ಎಂಬುದು ಬೇರೆ, ಅಷ್ಟು ಹೊತ್ತೂ ಸರಿಯಾಗಿ ಓಡುತ್ತದೆಯೇ ಎಂಬುದು ಬೇರೆ.

ಆದ್ದರಿಂದ ಅಂಗಡಿಯಲ್ಲಿ ಟೈಮ್‌ಗ್ರಾಫರ್ ಇದ್ದರೆ ಎರಡೂ ವಾಚುಗಳನ್ನು ಕನಿಷ್ಠ ಮೂರು ಭಂಗಿಗಳಲ್ಲಿ ಇಟ್ಟು ತೋರಿಸಲು ಕೇಳಿ. ಭಂಗಿಗಳ ನಡುವಿನ ಅಂತರ ಕಡಿಮೆ ಇರುವುದೇ ಚೆನ್ನಾಗಿ ಹೊಂದಿಸಿದ ಯಂತ್ರ. ಎಲ್ಲ ಭಂಗಿಗಳಲ್ಲೂ ಸಮನಾಗಿ 10 ಸೆಕೆಂಡ್ ಮುಂದಿದ್ದರೆ ಚಿಂತೆಯಿಲ್ಲ, 2824-2ರಲ್ಲಿ ರಿಪೇರಿಯವರು ರೆಗ್ಯುಲೇಟರ್ ಕಡ್ಡಿಯನ್ನು ತುಸು ಸರಿಸಿ ಅದನ್ನು ಐದು ನಿಮಿಷದಲ್ಲಿ ಸರಿಪಡಿಸುತ್ತಾರೆ. ಪವರ್‌ಮ್ಯಾಟಿಕ್ 80ರ ಹಲವು ಆವೃತ್ತಿಗಳಲ್ಲಿ ಆ ಕಡ್ಡಿಯೇ ಇಲ್ಲ, ಕಾರ್ಖಾನೆಯಲ್ಲೇ ಲೇಸರ್‌ನಿಂದ ಹೊಂದಿಸಿ ಕಳಿಸುತ್ತಾರೆ. ನಿಮ್ಮ ಊರಿನ ವಾಚ್ ರಿಪೇರಿಯವರ ಕೈಯಲ್ಲಿ ಸರಿಹೋಗುವ ವಾಚೇ ಬೇಕೆಂದಿದ್ದರೆ, ನಾನಾಗಿದ್ದರೆ 38 ಗಂಟೆಯದನ್ನೇ ಕೊಳ್ಳುತ್ತಿದ್ದೆ.