ಶುಗರ್ ಮಾತ್ರೆಯ ಕಾಗದವನ್ನು ಅಜ್ಜನಿಗೆ ತಿಳಿಯುವ ಹಾಗೆ ತಿರುಗಿ ಬರೆಯುವುದು

ಪ್ರಶ್ನೆ: ನಮ್ಮಜ್ಜನಿಗೆ 74 ವರ್ಷ. ಶುಗರ್‌ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ ಕೊಟ್ಟಿದ್ದಾರೆ. ಡಬ್ಬಿಯೊಳಗಿನ ಕಾಗದ ಇಂಗ್ಲಿಷ್‌ನಲ್ಲಿದೆ, ಅಕ್ಷರ ತುಂಬಾ ಸಣ್ಣದು. ಅವರೇ ಓದಿಕೊಳ್ಳುವ ಹಾಗೆ ಕನ್ನಡದಲ್ಲಿ ಬರೆದುಕೊಡಬೇಕು ಅಂತಿದ್ದೇನೆ. ಏನು ಬರೆಯಲಿ, ಏನು ಬಿಡಲಿ?

ಉತ್ತರ: ನಾನು ತಾಲ್ಲೂಕು ಊರೊಂದರಲ್ಲಿ ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ವಯಸ್ಸಾದ ಗಿರಾಕಿಗಳಿಗೆ ಇಂಥ ಚೀಟಿ ಬರೆದುಕೊಡುವುದು ನನಗೆ ರೂಢಿ. ಆ ಕಾಗದವನ್ನು ಸಾಲು ಸಾಲಾಗಿ ಕನ್ನಡಕ್ಕೆ ತರಲು ಹೋಗಬೇಡಿ. ನಮ್ಮಲ್ಲಿ ಇಂಥ ಕಾಗದಗಳ ಮೇಲೆ ಸಾಮಾನ್ಯವಾಗಿ ಇದು ವೈದ್ಯರು, ಆಸ್ಪತ್ರೆ, ಲ್ಯಾಬ್‌ಗಳ ಬಳಕೆಗೆ ಮಾತ್ರ ಅಂತಲೇ ಅಚ್ಚಾಗಿರುತ್ತದೆ. ಅದರಲ್ಲಿ ಮೊದಲು ರಾಸಾಯನಿಕದ ವಿವರ, ಆಮೇಲೆ ಪ್ರಮಾಣ, ಆಮೇಲೆ ರಕ್ತ, ಹೊಟ್ಟೆ, ಚರ್ಮ ಅಂತ ಅಂಗದ ಪ್ರಕಾರ ಅಡ್ಡಪರಿಣಾಮ. ಅಜ್ಜನ ದಿನ ಹಾಗೆ ಸಾಗುವುದಿಲ್ಲ. ಅದು ಕಾಫಿ, ಸ್ನಾನ, ತಿಂಡಿ, ಊಟ, ನಿದ್ದೆ ಅಂತ ಸಾಗುತ್ತದೆ. ಚೀಟಿಯೂ ಅದೇ ದಾರಿ ಹಿಡಿಯಲಿ.

ಬರೆಯುವ ಮುಂಚೆ ಈ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಅಂತ ನೀವು ತಿಳಿದಿರಬೇಕು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತದೆ. ಹೊಟ್ಟೆಗೆ ಏನಾದರೂ ಬಿದ್ದಿದೆಯೋ ಇಲ್ಲವೋ ಅಂತ ಅದು ಕಾಯುವುದಿಲ್ಲ. ತಿಂಡಿ ತಡವಾದರೆ ರಕ್ತದಲ್ಲಿರುವ ಸಕ್ಕರೆಯೇ ಕೆಳಗಿಳಿಯುತ್ತದೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಈ ಭಯ ತೀರಾ ಕಡಿಮೆ. ಹಾಗಾಗಿ ನಿಮ್ಮ ಚೀಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರಬೇಕಾದದ್ದು ಮಾತ್ರೆಗೂ ತಿಂಡಿಗೂ ಇರುವ ನಂಟು.

ಕಾಗದದಲ್ಲಿ ಹೆಚ್ಚುಕಡಿಮೆ ಹೀಗಿರುತ್ತದೆ: ದಿನಕ್ಕೆ ಒಮ್ಮೆ, ಬೆಳಗಿನ ಆಹಾರಕ್ಕೆ ಸ್ವಲ್ಪ ಮುಂಚೆ ಅಥವಾ ಅದರ ಜೊತೆಗೆ. ಡಾಕ್ಟರ್ ಚೀಟಿಯಲ್ಲಿ ಅದು 1-0-0 ಆಗುತ್ತದೆ. ನಮ್ಮ ಅಂಗಡಿಯ ಕವರಿನ ಮೇಲೆ 'ಬೆಳಿಗ್ಗೆ ಒಂದು' ಆಗುತ್ತದೆ. ಹೀಗೆ ಇಳಿಯುತ್ತಾ ಬಂದಾಗ ಆಹಾರದ ಮಾತೇ ಬಿದ್ದುಹೋಗುತ್ತದೆ, ಅಲ್ವಾ?

ನಮ್ಮ ಅಂಗಡಿಗೆ ಬರುವ ಒಬ್ಬ ಅಜ್ಜಿಗೆ ಆಗಿದ್ದೂ ಇದೇ. ಬೆಳಿಗ್ಗೆ ಆರಕ್ಕೆ ಕಾಫಿ ಜೊತೆ ಮಾತ್ರೆ ನುಂಗುತ್ತಿದ್ದರು. ಸ್ನಾನ, ಪೂಜೆ ಮುಗಿದು ತಿಂಡಿಗೆ ಕೂರುವಾಗ ಒಂಬತ್ತೂವರೆ. ಅಷ್ಟರಲ್ಲಿ ಮೈ ಬೆವರಿ, ಕೈ ನಡುಗಿ, ದೇವರ ಮುಂದೆಯೇ ಕೂತುಬಿಡುತ್ತಿದ್ದರು. ಮನೆಯವರು ನಿಶ್ಶಕ್ತಿ ಅಂದುಕೊಂಡು ಟಾನಿಕ್ ಕೇಳಲು ಬಂದಿದ್ದರು. ಆ ಹೊತ್ತಿನಲ್ಲಿ ಗ್ಲುಕೋಮೀಟರ್‌ನಲ್ಲಿ ನೋಡಿ ಅಂದೆ. 58 ಬಂತು. 70ಕ್ಕಿಂತ ಕೆಳಗೆ ಹೋದರೆ ಸಕ್ಕರೆ ಇಳಿದಿದೆ ಅಂತಲೇ ಲೆಕ್ಕ. ಡಾಕ್ಟರ್ ಅದೇ ಮಾತ್ರೆ, ಅದೇ ಪ್ರಮಾಣ ಉಳಿಸಿ ಹೊತ್ತು ಮಾತ್ರ ಬದಲಿಸಿದರು. ಅಜ್ಜಿಯ ಚೀಟಿಯಲ್ಲಿ ನಾನು ಬರೆದ ಮೊದಲ ಸಾಲುಗಳು ಇವು:

ತಿಂಡಿ ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ ನುಂಗಿ. ಕೂಡಲೇ ತಿಂಡಿ ತಿನ್ನಿ.
ಕಾಫಿ, ಟೀ, ಬಿಸ್ಕತ್ತು ತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ.
ತಿಂಡಿ ಹತ್ತು ಗಂಟೆಗೆ ಆದರೆ ಮಾತ್ರೆಯೂ ಹತ್ತು ಗಂಟೆಗೆ.

ಇದರಲ್ಲಿ 'ದಿನಕ್ಕೆ ಒಮ್ಮೆ' ಅನ್ನುವ ಮಾತಿಲ್ಲ ನೋಡಿ. ಹೊತ್ತನ್ನು ಗಡಿಯಾರದ ಬದಲು ತಟ್ಟೆಗೆ ಕಟ್ಟಿದ್ದೇನೆ. ನಿಮ್ಮ ಅಜ್ಜ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತಾರೆ ಅಂತ ಮೊದಲು ಕೇಳಿ ತಿಳಿದುಕೊಳ್ಳಿ, ಆಮೇಲೆ ಅವರ ಮಾತುಗಳಲ್ಲೇ ಬರೆಯಿರಿ. ನಿಮ್ಮ ಡಾಕ್ಟರ್ 'ಅರ್ಧ ಗಂಟೆ ಮುಂಚೆ' ಅಂದಿದ್ದರೆ ಅಥವಾ ರಾತ್ರಿಗೂ ಒಂದು ಮಾತ್ರೆ ಬರೆದಿದ್ದರೆ, ಅವರು ಹೇಳಿದ್ದನ್ನೇ ಹಾಕಿ.

ತಿಂಡಿಯೇ ಇಲ್ಲದ ದಿನ ಏನು ಮಾಡಬೇಕು? ಕಾಗದದಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಸಿಗುವುದಿಲ್ಲ. ನಮ್ಮ ಹಿರಿಯರಿಗೆ ಮಾತ್ರ ಇದು ಮತ್ತೆ ಮತ್ತೆ ಬರುವ ಪ್ರಶ್ನೆ. ಏಕಾದಶಿ, ಶಿವರಾತ್ರಿ, ಸಂಕಷ್ಟಿ ಇರುತ್ತದೆ. ಲ್ಯಾಬ್‌ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೋಗಿ ಹನ್ನೊಂದರವರೆಗೆ ಸಾಲಿನಲ್ಲಿ ಕೂತಿರುತ್ತಾರೆ. ಜ್ವರ ಬಂದು ಬಾಯಿಗೆ ಏನೂ ಸೇರುವುದಿಲ್ಲ. ಚೀಟಿ ಬರೆಯುವ ಮುಂಚೆ ಈ ಮೂರನ್ನೂ ಡಾಕ್ಟರ ಹತ್ತಿರ ಹೆಸರು ಹಿಡಿದು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ಮರೆತ ಮಾತ್ರೆಯನ್ನು ಅದೇ ದಿನ ತಡವಾಗಿ ತಗೊಳ್ಳಬಹುದಾ ಅನ್ನುವುದನ್ನೂ ಆಗಲೇ ಕೇಳಿಬಿಡಿ. ಸಾಮಾನ್ಯವಾಗಿ ನನ್ನ ಚೀಟಿಯಲ್ಲಿ ಹೀಗಿರುತ್ತದೆ:

ತಿಂಡಿ ತಿನ್ನದ ಹೊತ್ತು ಈ ಮಾತ್ರೆ ಬಿಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.
ವಾಂತಿ, ಭೇದಿ ಇದ್ದರೂ ಅವತ್ತೇ ಫೋನ್ ಮಾಡಿ.
ನಿನ್ನೆ ಮರೆತಿದ್ದರೆ ಇವತ್ತು ಒಂದೇ ಮಾತ್ರೆ. ಎರಡು ಬೇಡ.

'ಊಟ ಮಾಡದೆ ಮಾತ್ರೆ ತಗೊಳ್ಳಬಾರದು' ಅಂತ ಬರೆಯಬಹುದಿತ್ತು. ಎರಡು 'ಇಲ್ಲ' ಒಂದೇ ಸಾಲಿನಲ್ಲಿ ಬಂದರೆ ವಯಸ್ಸಾದವರು ಎಡವುತ್ತಾರೆ. ಏನು ಮಾಡಬೇಕೋ ಅದನ್ನೇ ಹೇಳಿ. ಫೋನ್ ಮಾಡಿ ಅನ್ನುವುದನ್ನು ಪಕ್ಕದಲ್ಲೇ ಇಟ್ಟಿರುವುದಕ್ಕೂ ಕಾರಣ ಇದೆ. ಇಲ್ಲದಿದ್ದರೆ ಒಂದು ದಿನ ಬಿಟ್ಟ ಮಾತ್ರೆ ಒಂದು ವಾರ ಬಿಟ್ಟುಹೋಗುತ್ತದೆ.

ಈಗ ಅಡ್ಡಪರಿಣಾಮಕ್ಕೆ ಬರೋಣ. ಕಾಗದದಲ್ಲಿ ಹತ್ತಾರು ಇರುತ್ತವೆ, ಎಲ್ಲವೂ ಒಂದೇ ಅಳತೆಯ ಅಕ್ಷರದಲ್ಲಿ. ಅದನ್ನೆಲ್ಲ ಓದಿದ ಹಿರಿಯರು ಒಂದೋ ಹೆದರಿ ಮಾತ್ರೆ ನಿಲ್ಲಿಸುತ್ತಾರೆ, ಇಲ್ಲವೇ ಕಾಗದ ಮಡಚಿ ಇಡುತ್ತಾರೆ. ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಸೋಸುತ್ತೇನೆ: ಇದು ಕಂಡರೆ ಅವರು ಏನು ಮಾಡಬೇಕು? ಮೊದಲ ಜಾಗ ಸಕ್ಕರೆ ಇಳಿಯುವುದಕ್ಕೆ, ಯಾಕೆಂದರೆ ಅದಕ್ಕೆ ಮನೆಯಲ್ಲೇ, ಆ ಕ್ಷಣವೇ ಮಾಡುವ ಕೆಲಸ ಇದೆ.

ತಣ್ಣನೆ ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾಗದ ಹಸಿವು, ಕಣ್ಣು ಮಂಜು: ಇದರಲ್ಲಿ ಯಾವುದಾದರೂ ಬಂದರೆ ಕೂತುಕೊಳ್ಳಿ.
ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಮನೆ ಸಕ್ಕರೆ ಕಲಸಿ ಕುಡಿಯಿರಿ.
ಕಾಲು ಗಂಟೆ ನೋಡಿ. ಕಡಿಮೆ ಆಗದಿದ್ದರೆ ಇನ್ನೊಮ್ಮೆ ಕುಡಿಯಿರಿ.
ಸರಿಯಾದ ಮೇಲೆ ಊಟ ಮಾಡಿ. ಡಾಕ್ಟರಿಗೆ ತಿಳಿಸಿ.

ಮೂರು ಟೀ ಚಮಚ ಅಂದರೆ ಸುಮಾರು 15 ಗ್ರಾಂ, ಬೇಕಾಗುವುದು ಅಷ್ಟೇ. ಚಾಕೊಲೇಟ್ ಕೊಟ್ಟರೆ ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಶುಗರ್ ಫ್ರೀ ಪುಡಿಯಿಂದ ಏನೂ ಆಗುವುದಿಲ್ಲ. ಶುಗರ್ ಇರುವ ಮನೆಯಲ್ಲಿ ಎಷ್ಟೋ ಸಲ ಅದೇ ಕೈಗೆ ಮೊದಲು ಸಿಗುತ್ತದೆ. ಹಾಗಾಗಿ 'ಮನೆ ಸಕ್ಕರೆ' ಅಂತಲೇ ಬರೆಯಿರಿ. 'ಊಟ ಮಾಡಿ' ಅನ್ನುವ ಸಾಲನ್ನಂತೂ ಬಿಡಲೇಬೇಡಿ. ಗ್ಲಿಮೆಪಿರೈಡ್‌ನ ಕೆಲಸ ಗಂಟೆಗಟ್ಟಲೆ ನಡೆಯುತ್ತಲೇ ಇರುತ್ತದೆ, ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಜಾಸ್ತಿ ಹೊತ್ತು. ಸಕ್ಕರೆ ನೀರಿನಿಂದ ಚೇತರಿಸಿಕೊಂಡವರು ಮತ್ತೆ ಇಳಿಯಬಹುದು. ಅವತ್ತು ರಾತ್ರಿ ಅವರನ್ನು ಒಬ್ಬರೇ ಮಲಗಲು ಬಿಡಬೇಡಿ.

ಇಷ್ಟು ಅಜ್ಜ ಓದುವುದಕ್ಕೆ. ಇನ್ನೊಂದು ಚೀಟಿ ಮನೆಯವರಿಗೆ ಬೇರೆಯೇ ಬೇಕು. ಸಕ್ಕರೆ ತುಂಬಾ ಇಳಿದಾಗ ಮೊದಲು ಮಂಕಾಗುವುದು ಮಿದುಳು. ಅಜ್ಜನಿಗೆ ಚೀಟಿ ನೆನಪಾಗುವುದೇ ಕಷ್ಟ. ಎಪ್ಪತ್ತು ದಾಟಿದವರಲ್ಲಿ ನಡುಕ, ಬೆವರು ಅಷ್ಟಾಗಿ ಕಾಣದೆಯೂ ಇರಬಹುದು. ಅದರ ಬದಲು ಸುಮ್ನೆ ಸಿಟ್ಟು ಮಾಡುತ್ತಾರೆ, ಮಾತು ತೊದಲುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸುತ್ತಾರೆ, ನಡೆಯುವಾಗ ತೂರಾಡುತ್ತಾರೆ. 'ವಯಸ್ಸಾಯ್ತು, ಅರಳುಮರಳು' ಅಂತ ಮನೆಯವರು ಸುಮ್ಮನಾದರೆ ಅಪಾಯ. ಬಿಪಿಗೆ ಅಥವಾ ಹೃದಯಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ ಎದೆಬಡಿತ, ನಡುಕ ಎರಡೂ ಮುಚ್ಚಿಹೋಗಬಹುದು. ಅಂಥವರಲ್ಲೂ ಬೆವರು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ. ಅವರ ಚೀಟಿಯಲ್ಲಿ ನಾನು 'ಕಾರಣವಿಲ್ಲದೆ ಬೆವರು' ಅನ್ನುವುದನ್ನೇ ಮೊದಲು ಬರೆಯುತ್ತೇನೆ. ಮನೆಯವರ ಚೀಟಿಯ ಕೊನೆಗೆ ಇದು ಇರಲಿ: ಎಚ್ಚರ ಇಲ್ಲದಿದ್ದರೆ ಅಥವಾ ನುಂಗಲು ಆಗದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ನೀರು ಶ್ವಾಸನಾಳಕ್ಕೆ ಹೋದರೆ ಉಸಿರೇ ಕಟ್ಟುತ್ತದೆ.

ಮೆಟ್‌ಫಾರ್ಮಿನ್ ಪಾಲಿಗೆ ಎರಡು ಮೂರು ಸಾಲು ಸಾಕು. ಶುರುವಿನಲ್ಲಿ ಹೊಟ್ಟೆ ತೊಳಸುವುದು, ಭೇದಿ ತೆಳುವಾಗುವುದು ಎಷ್ಟೋ ಜನರಿಗೆ ಆಗುತ್ತದೆ. ಊಟದ ಜೊತೆ ತಗೊಂಡರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ನಿಧಾನವಾಗಿ ಕರಗುವ ಮಾತ್ರೆಯಾದರೆ, ಅಂದರೆ ಹೆಸರಿನ ಜೊತೆ ಎಸ್ಆರ್ ಅಥವಾ ಇಆರ್ ಅಂತ ಇದ್ದರೆ, ಪುಡಿ ಮಾಡಬಾರದು, ಅಗಿಯಬಾರದು. ಕೆಲವು ಮಾತ್ರೆಗಳ ಖಾಲಿ ಸಿಪ್ಪೆ ಮಲದಲ್ಲಿ ಕಾಣಿಸಬಹುದು. ಮಾತ್ರೆ ಕರಗಲೇ ಇಲ್ಲ ಅಂದುಕೊಂಡು ಇನ್ನೊಂದು ನುಂಗುವವರಿದ್ದಾರೆ, ಅದಕ್ಕೇ ಇದನ್ನೂ ಬರೆಯಿರಿ. ತೀರಾ ಅಪರೂಪಕ್ಕೆ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಅದರ ಹೆಸರು ಅಜ್ಜನಿಗೆ ಬೇಡ. 'ವಾಂತಿ, ಹೊಟ್ಟೆನೋವಿನ ಜೊತೆ ಉಸಿರು ಜೋರಾಗಿ, ಮೈಯಲ್ಲಿ ಶಕ್ತಿಯೇ ಇಲ್ಲದಂತಾದರೆ ತಕ್ಷಣ ಆಸ್ಪತ್ರೆಗೆ' ಅಂತ ಬರೆದರೆ ಸಾಕು.

ಮಾತ್ರೆಯ ಹೆಸರಿನ ಬಗ್ಗೆಯೂ ಜೋಪಾನ. ಇಂಥ ಜೋಡಿ ಮಾತ್ರೆಗಳ ಹೆಸರಿನ ಕೊನೆಗೆ ಹೆಚ್ಚಾಗಿ 1 ಅಥವಾ 2 ಇರುತ್ತದೆ. ಅದು ಗ್ಲಿಮೆಪಿರೈಡ್ ಎಷ್ಟು ಮಿಲಿಗ್ರಾಂ ಅನ್ನುವುದು. ಎಷ್ಟು ಮಾತ್ರೆ ನುಂಗಬೇಕು ಅಂತ ಓದಿಕೊಂಡರೆ 2 ಮಿಲಿಗ್ರಾಂ ಇದ್ದದ್ದು 4 ಆಗುತ್ತದೆ. ಕಂಪನಿ ಬದಲಾದಾಗ ಬಣ್ಣವೂ ಬದಲಾಗುತ್ತದೆ. ಆಗ ಹಳೇ ಸ್ಟ್ರಿಪ್ಪು, ಹೊಸ ಸ್ಟ್ರಿಪ್ಪು ಎರಡರಿಂದಲೂ ನುಂಗುವವರು ಇದ್ದಾರೆ. ಬಣ್ಣದ ಗುರುತು ಕೊಡಬೇಡಿ. ಸ್ಟ್ರಿಪ್ ಮೇಲೆ ಇರುವ ಹೆಸರನ್ನು ಇದ್ದ ಹಾಗೆಯೇ ಬರೆದು, ಪಕ್ಕದಲ್ಲಿ 'ಒಂದು ಮಾತ್ರೆ' ಅಂತ ಅಕ್ಷರದಲ್ಲಿ ಬರೆಯಿರಿ. ಬೇರೆ ಡಾಕ್ಟರ ಹತ್ತಿರ ಹೋದಾಗ ಚೀಟಿ ಜೊತೆಗಿರಲಿ. ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್ ಥರದ ಔಷಧ ಇದರ ಜೊತೆ ಸೇರಿದರೆ ಸಕ್ಕರೆ ಇನ್ನೂ ಇಳಿಯಬಹುದು.

ಅಕ್ಷರ 18 ಪಾಯಿಂಟ್ ಇಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬೇಕು, ಇಲ್ಲದಿದ್ದರೆ ಪೊರೆ ಬಂದ ಕಣ್ಣಿಗೆ ಎರಡು ಸಾಲು ಒಂದಾಗಿ ಕಾಣುತ್ತವೆ. ಬಿಳಿ ಕಾಗದ, ಕಪ್ಪು ಅಕ್ಷರ ಸಾಕು.

ಬರೆದಾದ ಮೇಲೆ ಡಾಕ್ಟರಿಗೆ ಅಥವಾ ಫಾರ್ಮಸಿಸ್ಟ್‌ಗೆ ಒಮ್ಮೆ ತೋರಿಸಿ, ಆಮೇಲೆ ಅಜ್ಜನ ಕೈಗೆ ಕೊಡಿ. 'ಅರ್ಥ ಆಯ್ತಾ?' ಅಂತ ಕೇಳಿದರೆ 'ಹೂಂ' ಅನ್ನುತ್ತಾರೆ. 'ನಾಳೆ ತಿಂಡಿ ಹತ್ತೂವರೆಗೆ ಅಂದ್ರೆ ಮಾತ್ರೆ ಯಾವಾಗ ತಗೊಳ್ತೀರಿ ಅಜ್ಜ?', 'ಮೈ ಬೆವರಿದರೆ ಮೊದಲು ಏನು ಕುಡೀತೀರಿ?' ಅಂತ ಕೇಳಿ. ನಾನು ಹೇಳಿದ ಆ ಅಜ್ಜಿ ಎರಡನೆಯದಕ್ಕೆ 'ಕಾಫಿ' ಅಂದರು. ಅವರ ಮನೆಯಲ್ಲಿ ಅವರಿಗೆ ಸಕ್ಕರೆ ಹಾಕದ ಕಾಫಿ. ಆ ಸಾಲನ್ನು ದೊಡ್ಡದು ಮಾಡಿ, ಮೂರು ಚಮಚದ ಚಿತ್ರ ಬಿಡಿಸಿ ಕೊಟ್ಟೆ. ಯಾವ ಪ್ರಶ್ನೆಗೆ ಉತ್ತರ ತಪ್ಪುತ್ತದೋ ಆ ಸಾಲು ಮಾತ್ರ ತಿದ್ದಿ, ಇನ್ನೊಂದು ದಿನ ಬಿಟ್ಟು ಮತ್ತೆ ಕೇಳಿ. ಚೀಟಿಯ ಮೂಲೆಯಲ್ಲಿ ತಾರೀಖು ಹಾಕಿ. ಡೋಸ್ ಬದಲಾದರೆ ಅವತ್ತೇ ಹಳೆಯದನ್ನು ಹರಿದು ಹೊಸದನ್ನು ಅಂಟಿಸಿ.