ಹದಿನಾಲ್ಕರ ಹುಡುಗ, ಹನ್ನೊಂದೂವರೆಯ ಮೂಳೆ

(ಗುರುತು ಸಿಗದ ಹಾಗೆ ಹೆಸರು, ಊರು ಬದಲಿಸಿದ್ದೇನೆ.)

ಒಂಬತ್ತನೇ ಕ್ಲಾಸಿನ ಚೇತು ಶಾಲೆಗೆ ಹೋಗಲು ಒಪ್ಪುತ್ತಿಲ್ಲ ಎಂದು ಅವನ ತಾಯಿ ಕರೆದುಕೊಂಡು ಬಂದಿದ್ದರು. ವಯಸ್ಸು 14 ವರ್ಷ 2 ತಿಂಗಳು, ಎತ್ತರ 142 ಸೆಂಟಿಮೀಟರ್. ಪ್ರಾರ್ಥನೆಯ ಸಾಲಿನಲ್ಲಿ ಅವನೇ ಮೊದಲು. ಕಬಡ್ಡಿ ತಂಡದಿಂದ ಬಿಟ್ಟಿದ್ದರು. "ಆರನೇ ಕ್ಲಾಸ್ ಹುಡುಗ ಅಂತಾರೆ ಮೇಡಂ" ಎಂದಷ್ಟೇ ಹೇಳಿ ಸುಮ್ಮನಾದ.

ತಾಯಿಯ ಕೈಯಲ್ಲಿ ಒಂದು ಲ್ಯಾಬ್ ರಿಪೋರ್ಟ್ ಇತ್ತು. ಬೆಳಿಗ್ಗೆ ರಕ್ತ ಕೊಟ್ಟು ತಾವೇ ಮಾಡಿಸಿದ್ದು. ಗ್ರೋತ್ ಹಾರ್ಮೋನ್ ಮಿಲಿಲೀಟರಿಗೆ 0.4 ನ್ಯಾನೋಗ್ರಾಂ. "ಹಾರ್ಮೋನೇ ಇಲ್ಲ ಅಂತಲ್ವಾ ಮೇಡಂ? ದಿನಾ ಇಂಜೆಕ್ಷನ್ ಕೊಡಿಸೋಣ, ಸಾಲ ಮಾಡಿದ್ರೂ ಪರವಾಗಿಲ್ಲ."

ಮೊದಲು ಈ ಭಯವನ್ನು ಬಿಡಿಸಬೇಕಿತ್ತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಒಂದೇ ಸಮನೆ ಬಿಡುವುದಿಲ್ಲ. ಬಿಟ್ಟು ಬಿಟ್ಟು ಬಿಡುತ್ತದೆ, ಜಾಸ್ತಿ ಬಿಡುವುದು ರಾತ್ರಿಯ ಗಾಢ ನಿದ್ದೆಯಲ್ಲಿ. ನಡುವಿನ ಹೊತ್ತಿನಲ್ಲಿ ಚೆನ್ನಾಗಿ ಬೆಳೆಯುತ್ತಿರುವ ಮಗುವಿನ ರಕ್ತದಲ್ಲೂ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಗಲಿನ ಒಂದು ಸ್ಯಾಂಪಲ್‌ನಿಂದ ಕೊರತೆ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಇಂಥ ಪರೀಕ್ಷೆಯನ್ನು ಸುಮ್ನೆ ಮಾಡಿಸಬಾರದು ಎಂದು ನಾನು ಎಲ್ಲ ಪಾಲಕರಿಗೂ ಹೇಳುತ್ತೇನೆ.

ಎತ್ತರ ಹೆಚ್ಚಿಸುವ ಕೆಲಸದ ದೊಡ್ಡ ಪಾಲು ಇನ್ನೊಂದು ವಸ್ತುವಿನದು. 1957ರಲ್ಲಿ ಸ್ಯಾಲ್ಮನ್ ಮತ್ತು ಡಾಹಡೇ ಎಂಬ ವಿಜ್ಞಾನಿಗಳು ಇಲಿಯ ಮೆದುಮೂಳೆಗೆ ಗ್ರೋತ್ ಹಾರ್ಮೋನನ್ನು ನೇರವಾಗಿ ಹಾಕಿ ನೋಡಿದರು. ಹೆಚ್ಚೇನೂ ಆಗಲಿಲ್ಲ. ಆ ಹಾರ್ಮೋನ್ ಪಡೆದ ಇಲಿಯ ರಕ್ತದ ಸೀರಮ್ ಹಾಕಿದಾಗ ಮೆದುಮೂಳೆ ಚುರುಕಾಯಿತು. ನಡುವೆ ಒಬ್ಬ ದೂತ ಇದ್ದಾನೆ ಎಂದು ಹಾಗೆ ಗೊತ್ತಾಯಿತು. ಮುಂದೆ ಅದಕ್ಕೆ ಸೊಮಾಟೊಮೆಡಿನ್ ಎಂಬ ಹೆಸರು ಬಂತು. ಇಂದು ರಿಪೋರ್ಟಿನಲ್ಲಿ ಐಜಿಎಫ್-1 ಎಂದು ಬರುವುದು ಅದೇ ಗುಂಪಿನ ಸೊಮಾಟೊಮೆಡಿನ್-ಸಿ. ಗ್ರೋತ್ ಹಾರ್ಮೋನಿನ ಆಜ್ಞೆಯಂತೆ ಯಕೃತ್ತು ಅದನ್ನು ತಯಾರಿಸುತ್ತದೆ. ಮೂಳೆಯ ತುದಿಯಲ್ಲಿರುವ, ಗ್ರೋತ್ ಪ್ಲೇಟ್ ಎನ್ನುವ ಮೆದುಮೂಳೆಯ ಪದರವೂ ತನ್ನ ಪಾಲಿನದನ್ನು ತಾನೇ ತಯಾರಿಸಿಕೊಳ್ಳುತ್ತದೆ. ದಿನವಿಡೀ ಇದರ ಮಟ್ಟ ಹೆಚ್ಚು ಏರಿಳಿಯುವುದಿಲ್ಲ, ಹಾಗಾಗಿ ಅಳೆಯಲು ಅನುಕೂಲ. ಆದರೆ ಊಟ ಸಾಲದಿದ್ದರೆ, ಥೈರಾಯ್ಡ್ ಕಡಿಮೆಯಿದ್ದರೆ ಇದೂ ಇಳಿಯುತ್ತದೆ.

ನಾನು ವೈದ್ಯೆ ಅಲ್ಲ. ಮಕ್ಕಳ ಹಾರ್ಮೋನ್ ತಜ್ಞರ ಬಳಿ ಕಳಿಸಿದೆ. ಹೋಗುವಾಗ ಶಾಲೆಯ ಆರೋಗ್ಯ ತಪಾಸಣೆಯ ಕಾರ್ಡ್ ಒಯ್ಯಲು ಹೇಳಿದ್ದೆ. ಅದೇ ಬಹಳ ಉಪಯೋಗಕ್ಕೆ ಬಂತು. ಎರಡು ವರ್ಷದ ಹಿಂದೆ 132.5, ಹೋದ ವರ್ಷ 137.4, ಈಗ 142. ಅಂದರೆ ವರ್ಷಕ್ಕೆ ನಾಲ್ಕೂವರೆಯಿಂದ ಐದು ಸೆಂಟಿಮೀಟರ್. ಪ್ರಾಯಕ್ಕೆ ಬರುವ ಮುಂಚೆ ಬೆಳವಣಿಗೆ ಸ್ವಲ್ಪ ನಿಧಾನವಾಗುವುದು ಸಹಜ. ಇಲ್ಲಿ ಅದು ನಿಂತಿರಲಿಲ್ಲ.

ಎಡಗೈಯ ಎಕ್ಸ್-ರೇ ನೋಡಿ ತಜ್ಞರು ಮೂಳೆಯ ವಯಸ್ಸು ಹನ್ನೊಂದೂವರೆ, ಅಂದರೆ ಮೂಳೆ ಬಲಿತಿರುವುದು ಹನ್ನೊಂದೂವರೆ ವರ್ಷದವರಷ್ಟೇ ಎಂದರು. ಐಜಿಎಫ್-1 ಹದಿನಾಲ್ಕರವರಿಗೆ ಕಡಿಮೆ, ಹನ್ನೊಂದೂವರೆಗೆ ಸರಿಯಾಗಿತ್ತು. ಪ್ರಾಯದಲ್ಲಿ ಲೈಂಗಿಕ ಹಾರ್ಮೋನುಗಳು ಏರಿದ ಮೇಲೆ ಗ್ರೋತ್ ಹಾರ್ಮೋನ್, ಐಜಿಎಫ್-1 ಎರಡೂ ಜಿಗಿಯುತ್ತವೆ. ಚೇತುವಿನ ದೇಹ ಆ ಹಂತಕ್ಕೆ ಈಗಷ್ಟೇ ಕಾಲಿಟ್ಟಿತ್ತು. ವೃಷಣದ ಗಾತ್ರ 4 ಮಿಲಿಲೀಟರ್, ಅಂದರೆ ಪ್ರಾಯದ ಮೊದಲ ಗುರುತು. ಹುಡುಗಿಯರಿಗೆ ಎತ್ತರದ ಜಿಗಿತ ಪ್ರಾಯದ ಆರಂಭದಲ್ಲೇ ಬರುತ್ತದೆ, ಹುಡುಗರಿಗೆ ನಡುವಿನ ಹಂತದಲ್ಲಿ. ಕ್ಲಾಸಿನ ಹುಡುಗಿಯರು ಅವನನ್ನು ದಾಟಿ ಹೋದದ್ದು ಇದಕ್ಕೇ.

ತಂದೆಯನ್ನು ಕೇಳಿದಾಗ ಇನ್ನೊಂದು ಸಂಗತಿ ಹೊರಬಂತು. ಎಸ್ಸೆಸ್ಸೆಲ್ಸಿವರೆಗೂ ಅವರು ಕುಳ್ಳಗೇ ಇದ್ದರಂತೆ, ಪಿಯುಸಿಯಲ್ಲಿ ಉದ್ದವಾದರಂತೆ. ಈಗ 168. ತಾಯಿ 155. ಇಬ್ಬರ ಎತ್ತರ ಕೂಡಿಸಿ, ಹುಡುಗನಾದ್ದರಿಂದ 13 ಸೇರಿಸಿ, ಎರಡರಿಂದ ಭಾಗಿಸಿದರೆ 168. ಅದರ ಆಚೀಚೆ ಎಂಟು ಸೆಂಟಿಮೀಟರಿನೊಳಗೆ ಅವನು ನಿಲ್ಲುವ ಸಾಧ್ಯತೆ ಹೆಚ್ಚು. ತಡವಾಗಿ ಬೆಳೆಯುವುದು ಈ ಮನೆತನದಲ್ಲೇ ಇದೆ ಎಂದು ತಜ್ಞರು ಹೇಳಿ, ಇಂಜೆಕ್ಷನ್ ಬೇಡ ಎಂದರು.

"ಹಾಗಾದ್ರೆ ಬೇಗ ಪ್ರಾಯಕ್ಕೆ ಬರೋ ಔಷಧಿ ಕೊಡ್ಬಹುದಲ್ಲ?" ಎಂದು ತಂದೆ ಕೇಳಿದರು. ಮನಸ್ಸಿಗೆ ತುಂಬಾ ಹಿಂಸೆಯಾಗುವ ಹುಡುಗರಿಗೆ ಕೆಲವು ತಿಂಗಳು ಸಣ್ಣ ಪ್ರಮಾಣದ ಟೆಸ್ಟೋಸ್ಟಿರಾನ್ ಕೊಡುವುದುಂಟು, ಅದೂ ತಜ್ಞರ ಕಣ್ಣೆದುರು. ಅಳತೆ ಮೀರಿದರೆ ನಷ್ಟ. ಟೆಸ್ಟೋಸ್ಟಿರಾನ್‌ನ ಒಂದು ಪಾಲು ದೇಹದಲ್ಲಿ ಈಸ್ಟ್ರೋಜೆನ್ ಆಗುತ್ತದೆ. ಹುಡುಗರಲ್ಲೂ ಗ್ರೋತ್ ಪ್ಲೇಟನ್ನು ಮುಚ್ಚುವುದು ಅದೇ. ಮುಚ್ಚಿದ ಮೇಲೆ ಯಾವ ಇಂಜೆಕ್ಷನ್‌ಗೂ ಎತ್ತರ ಕೂಡುವುದಿಲ್ಲ. ಚೇತುವಿಗೆ ಪ್ರಾಯ ತಾನಾಗಿಯೇ ಶುರುವಾಗಿತ್ತು, ಕಾಯೋಣ ಎಂದು ಎಲ್ಲರೂ ಒಪ್ಪಿದರು.

ಚೇತುವಿಗೆ ಅವನ ಎಕ್ಸ್-ರೇ ತೋರಿಸಿ, ತೆರೆದಿರುವ ಪದರಗಳನ್ನು ಅವನೇ ಎಣಿಸುವಂತೆ ಮಾಡಿದೆ. "ಇವು ಇನ್ನೂ ಕೆಲಸ ಮಾಡ್ತಿವೆಯಾ?" ಎಂದು ಎರಡು ಸಲ ಕೇಳಿದ. ದೈಹಿಕ ಶಿಕ್ಷಕರ ಜೊತೆ ಮಾತಾಡಿ, ತೂಕದ ಪ್ರಕಾರ ತಂಡ ಮಾಡುವಂತೆ ಕೇಳಿಕೊಂಡೆ. ಎತ್ತರ ಹೆಚ್ಚಲಿ ಎಂದು ಕೊಡುತ್ತಿದ್ದ ಪುಡಿ ನಿಲ್ಲಿಸಿ, ಅದೇ ದುಡ್ಡಿಗೆ ಮೊಟ್ಟೆ, ಹಾಲು, ಬೇಳೆ ತರಲು ತಾಯಿಗೆ ಹೇಳಿದೆ. ವಾರವಾರ ಗೋಡೆಗೆ ನಿಲ್ಲಿಸಿ ಅಳೆಯುವುದು ಬೇಡ, ಅದು ಅವನಿಗೆ ಶಿಕ್ಷೆ. ಆರು ತಿಂಗಳಿಗೊಮ್ಮೆ ಕ್ಲಿನಿಕ್‌ನ ಅದೇ ಅಳತೆಪಟ್ಟಿಯಲ್ಲಿ ಸಾಕು.

ಮೊದಲ ಆರು ತಿಂಗಳಲ್ಲಿ 2.7 ಸೆಂಟಿಮೀಟರ್ ಬೆಳೆದ. ಶಾಲೆಗೂ ಹೋಗುತ್ತಿದ್ದಾನೆ. ಮುಂದೆ ವರ್ಷಕ್ಕೆ ನಾಲ್ಕಕ್ಕಿಂತ ಕಡಿಮೆಯಾದರೆ, ಪದೇ ಪದೇ ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ಆರು ತಿಂಗಳು ಕಾಯದೆ ತಜ್ಞರ ಬಳಿ ಹೋಗಬೇಕು ಎಂದು ಬರೆದುಕೊಟ್ಟಿದ್ದೇನೆ. ಆಗ ಔಷಧಿ ಕೊಟ್ಟು ಗ್ರೋತ್ ಹಾರ್ಮೋನನ್ನು ಕೆರಳಿಸಿ, ಹಲವು ಸಲ ರಕ್ತ ತೆಗೆದು ನೋಡುವ ಪರೀಕ್ಷೆ ಬೇಕಾಗಬಹುದು.